ಎರಡು ಮಂಚ ಹಿಡಿಸುವ ಕೋಣೆ

ಬಾಡಿಗೆ ಮನೆ ಕೊಡಿಸುವ ಆ ಆಫೀಸಿನಲ್ಲಿ ಅವಳಿಗಿದ್ದ ಹೆಸರು ಸೋಫಾ ಅಕ್ಕ. ಸೋಫಾದ ಮೇಲೆ ಕಾಲು ಚಾಚಿ ಕೂರುವ ಯೋಗವೇನೂ ಅವಳಿಗಿರಲಿಲ್ಲ. ಅವಳು ಕೂರುತ್ತಿದ್ದದ್ದು ಒಂದು ಕೈ ಮುರಿದ ತಿರುಗುಕುರ್ಚಿಯ ಮೇಲೆ. ಆದರೆ ಊರಿನ ಖಾಲಿ ಮನೆಗಳಿಗೆಲ್ಲ ಸೋಫಾ ಹಾಕುವವಳು ಅವಳೇ. ನಿಜವಾದ ಸೋಫಾ ಅಲ್ಲ, ಫೋಟೋದೊಳಗಿನದು. ಖಾಲಿ ಮನೆಯ ಫೋಟೋ ಅವಳ ಕಂಪ್ಯೂಟರಿಗೆ ಬಂದರೆ ಅದರಲ್ಲಿ ಮಂಚ, ಮೇಜು, ಪರದೆ, ನೆಲಹಾಸು, ಗೋಡೆಗೊಂದು ಚಿತ್ರ, ಮೂಲೆಗೊಂದು ಗಿಡ ಎಲ್ಲ ಕೂರಿಸಿ, ಯಾರೋ ಈಗಷ್ಟೇ ಎದ್ದು ಅಡುಗೆಮನೆಗೆ ಹೋಗಿದ್ದಾರೆ ಅನ್ನಿಸುವ ಹಾಗೆ ಮಾಡಿ ಕೊಡುತ್ತಿದ್ದಳು. ಖಾಲಿ ಕೋಣೆ ನೋಡಿದರೆ ಜನಕ್ಕೆ ಗೋಡೆಯ ಕಲೆ ಕಾಣುತ್ತದೆ, ಮಂಚ ಹಾಕಿದ ಕೋಣೆ ನೋಡಿದರೆ ತಮ್ಮ ನಿದ್ದೆ ಕಾಣುತ್ತದೆ ಎಂದು ಆಫೀಸಿನ ಯಜಮಾನರು ಹೇಳುತ್ತಿದ್ದರು.

ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಮೊದಲು ಒಂದು ಸ್ಟುಡಿಯೋದಲ್ಲಿ ಮದುಮಕ್ಕಳ ಮುಖದ ಮೊಡವೆ ಅಳಿಸುವ ಕೆಲಸದಲ್ಲಿದ್ದಳು. ಜನ ತಮ್ಮ ಮೊಡವೆ ತಾವೇ ಫೋನಿನಲ್ಲಿ ಅಳಿಸಿಕೊಳ್ಳುವ ಕಾಲ ಬಂದಾಗ ಸ್ಟುಡಿಯೋ ಬಾಗಿಲು ಹಾಕಿತು. ಇಲ್ಲಿಗೆ ಬಂದ ಮೇಲೆ ಕೆಡಿಸಿ ಕೆಡಿಸಿಯೇ ಕಲಿತಳು. ಕಿಟಕಿ ಎಡಕ್ಕಿದ್ದರೆ ನೆರಳು ಬಲಕ್ಕೆ. ಕುರ್ಚಿಯ ಕಾಲು ನೆಲಕ್ಕೆ ತಾಗುವಲ್ಲಿ ಒಂದು ಚೂರು ದಟ್ಟ ನೆರಳು ಬೇಕು, ಇಲ್ಲದಿದ್ದರೆ ಕುರ್ಚಿ ದೆವ್ವದ ಹಾಗೆ ತೇಲುತ್ತದೆ. ಮಬ್ಬು ಫೋಟೋದೊಳಗೆ ಥಳಥಳ ಹೊಳೆಯುವ ಮಂಚ ಇಟ್ಟರೆ ಸುಳ್ಳು ಬೀದಿಯ ಆ ತುದಿಯಿಂದಲೇ ಗೊತ್ತಾಗುತ್ತದೆ. ಎತ್ತಿಕೊಂಡು ಹೋಗಬಹುದಾದ ಸಾಮಾನನ್ನು ಸೇರಿಸಬಹುದು, ಗೋಡೆಗೆ ಅಂಟಿದ್ದನ್ನು ಮುಟ್ಟಬಾರದು ಎನ್ನುವುದು ಈ ಕೆಲಸದ ಕಟ್ಟಳೆ. ತೇವ ಕಚ್ಚಿದ ಗೋಡೆಗೆ ಬೀರು ಅಡ್ಡ ಇಡು ಎಂದು ಯಜಮಾನರು ಒಮ್ಮೆ ಹೇಳಿದಾಗ ಅವಳು, ಬೀರು ನಾನು ಇಡ್ತೀನಿ, ಮಳೆಗಾಲದಲ್ಲಿ ಫೋನ್ ನೀವು ಎತ್ತಿ ಎಂದಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು. ಪ್ರತಿ ಚಿತ್ರದ ಕೆಳಗೆ, ಇದರಲ್ಲಿರುವ ಸಾಮಾನು ಕಂಪ್ಯೂಟರಿನಲ್ಲಿ ಜೋಡಿಸಿದ್ದು ಎಂದು ಒಂದು ಸಾಲು ಹಾಕುತ್ತಿದ್ದಳು. ಪಕ್ಕದಲ್ಲೇ ಖಾಲಿ ಕೋಣೆಯ ಫೋಟೋವೂ ಇರುತ್ತಿತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಳತೆ. ಫೋಟೋ ನೋಡಿದರೆ ಕೋಣೆ ಎಷ್ಟು ದೊಡ್ಡದು ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಮಗೆ ಅಳತೆ ಗೊತ್ತಿರುವ ಒಂದು ವಸ್ತುವನ್ನು ತೋರಿಸಬೇಕು. ಅವಳು ನೆಲದ ಒಂದು ಟೈಲ್ಸ್‌ನ ನಾಲ್ಕು ಮೂಲೆ ಗುರುತು ಮಾಡಿ, ಇದು ಇಷ್ಟು ಅಡಿ ಎಂದು ಒತ್ತುತ್ತಿದ್ದಳು. ಆಮೇಲೆ ಇಡೀ ನೆಲ ಅದೇ ಲೆಕ್ಕದಲ್ಲಿ ಬಲೆಯಂತೆ ಹರಡಿಕೊಳ್ಳುತ್ತಿತ್ತು. ಮೇಲೆ ಇಟ್ಟ ಮಂಚ ಹತ್ತಿರ ಬಂದರೆ ದೊಡ್ಡದಾಗಿ, ದೂರ ಹೋದರೆ ಚಿಕ್ಕದಾಗಿ, ತನ್ನ ನಿಜವಾದ ಗಾತ್ರಕ್ಕೆ ತಕ್ಕ ಹಾಗೆ ಕೂರುತ್ತಿತ್ತು. ಈಚಿನ ಮನೆಗಳಲ್ಲಿ ಟೈಲ್ಸ್ ಎಂದರೆ ಎರಡಡಿಗೆ ಎರಡಡಿ. ಎರಡು ಎಂದು ಒತ್ತಲು ಅವಳ ಬೆರಳಿಗೆ ತಲೆಯ ಅಪ್ಪಣೆ ಬೇಕಿರಲಿಲ್ಲ.

ಆ ದಿನ ಸಂಜೆಯೊಳಗೆ ಮುಗಿಸಬೇಕಾದ ಮನೆಗಳು ಒಂದರ ಮೇಲೊಂದು ಬಂದು ಕೂತಿದ್ದವು. ಕೆಳಗಿನ ಔಷಧಿ ಅಂಗಡಿಯಿಂದ ಸ್ಪಿರಿಟ್ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಫ್ಯಾನು ಗೊಣಗುತ್ತಿತ್ತು, ಅವಳ ಕಣ್ಣು ಉರಿಯುತ್ತಿತ್ತು. ಫೋಟೋ ತೆಗೆಯುವವನಿಗೆ ಆಫೀಸಿನವರು ಇಟ್ಟ ಹೆಸರು ಗಾಳಿಪಟ. ನಿಂತಲ್ಲಿ ನಿಲ್ಲದೆ ಒಂದು ಮನೆಯಿಂದ ಇನ್ನೊಂದಕ್ಕೆ ಹಾರುವವನು. ಅವನು ಕಳಿಸಿದ್ದರಲ್ಲಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯ ಮನೆ, ಒಂದು ಹಾಲ್, ಒಂದು ಮಲಗುವ ಕೋಣೆ. ಕೋಣೆಯ ಫೋಟೋವನ್ನು ಬಾಗಿಲಲ್ಲೇ ನಿಂತು ಅಗಲದ ಲೆನ್ಸಿನಲ್ಲಿ ತೆಗೆದಿದ್ದ. ಹಾಗಾಗಿ ಬಾಗಿಲು ಚಿತ್ರದಲ್ಲಿರಲಿಲ್ಲ. ಮೂರು ಗೋಡೆ, ಬಲಕ್ಕೊಂದು ಕಿಟಕಿ, ನೆಲ, ಅಷ್ಟೇ. ಸೋಫಾ ಅಕ್ಕ ಒಂದು ಟೈಲ್ಸ್ ಗುರುತು ಮಾಡಿ ಎರಡು ಎಂದು ಒತ್ತಿದಳು. ಜೋಡಿ ಮಂಚ ಇಟ್ಟಳು, ಅದರ ಎರಡೂ ಪಕ್ಕ ಪುಟ್ಟ ಮೇಜು, ಕಿಟಕಿಯ ಹತ್ತಿರ ಒರಗುಕುರ್ಚಿ. ಇನ್ನೂ ಜಾಗ ಉಳಿಯಿತು. ಪರವಾಗಿಲ್ಲ, ಹಳೇ ಕಾಲದವರು ಧಾರಾಳವಾಗಿ ಕಟ್ಟಿದ್ದಾರೆ ಅಂದುಕೊಂಡು ಒಂದು ಬರೆಯುವ ಮೇಜನ್ನೂ ಸೇರಿಸಿದಳು. ಯಜಮಾನರು ಹಿಂದೆ ನಿಂತು ನೋಡಿ, ಈ ಕೋಣೆಗೆ ನಾನೇ ಬಾಡಿಗೆಗೆ ಹೋಗಬೇಕು ಅನ್ನಿಸುತ್ತಿದೆ ಎಂದರು. ಅವಳು ಮುಂದಿನ ಮನೆ ತೆರೆದಳು.

ವಾರದೊಳಗೆ ಆ ಮನೆಗೆ ಜನ ಸಿಕ್ಕರು. ಮಾತಾಡಿದ್ದು ಒಬ್ಬ ಹೆಂಗಸು, ಅತ್ತೆಯ ಜೊತೆ ಇರುವವಳು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಹೆಚ್ಚು ದಿನ ನೀರಿನ ಮೇಲೆ. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚ ಮತ್ತು ವೀಲ್‌ಚೇರ್, ಎರಡೇ ಅವರ ಲೋಕ. ಈಗಿರುವ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ನಾಲ್ಕು ಜನರ ಕೈ ಕಾಲು ಹಿಡಿಯಬೇಕು. ಹೊಸ ಮನೆಗೆ ಲಿಫ್ಟಿತ್ತು. ಅತ್ತೆಯನ್ನು ಬಿಟ್ಟು ಬರಲಾಗದೆ ಅವಳು ಮೈದುನನನ್ನು ನೋಡಿಕೊಂಡು ಬರಲು ಕಳಿಸಿದ್ದಳು. ಅವನು ಬಂದು ನಲ್ಲಿ ತಿರುಗಿಸಿ ನೋಡಿದ, ಬೀಗ ಎರಡು ಸಲ ಹಾಕಿ ತೆಗೆದ, ಚೆನ್ನಾಗಿದೆ ಅತ್ತಿಗೆ ಎಂದು ಫೋನು ಮಾಡಿ ಹೋದ. ಗಂಡಸರು ಮನೆ ನೋಡುವುದೆಂದರೆ ಅಷ್ಟೇ.

ಆಮೇಲೆ ಒಂದು ಮಧ್ಯಾಹ್ನ ಆ ಸೊಸೆ ಆಫೀಸಿಗೆ ಫೋನು ಮಾಡಿ ಒಂದು ವಿಚಿತ್ರ ಕೋರಿಕೆ ಇಟ್ಟಳು. ಯಜಮಾನರು, ಇದು ನಿನ್ನ ಇಲಾಖೆ ಎಂದು ಫೋನನ್ನು ಸೋಫಾ ಅಕ್ಕನ ಕಿವಿಗೆ ಹಿಡಿದರು. ವಿಷಯ ಏನೆಂದರೆ, ಅತ್ತೆ ಮನೆ ಬದಲಿಸಲು ಒಪ್ಪುತ್ತಿಲ್ಲ. ಹೊಸ ಮನೆಯಲ್ಲಿ ನನ್ನನ್ನು ಯಾವುದೋ ಮೂಲೆಗೆ ಹಾಕಿ ಬಾಗಿಲು ಮುಚ್ಚುತ್ತೀಯ ಎಂದು ಹಟ ಹಿಡಿದಿದ್ದಾರೆ. ಈಗ ಇಬ್ಬರದೂ ಒಂದೇ ಕೋಣೆ. ರಾತ್ರಿ ಎಚ್ಚರವಾದರೆ ಕತ್ತಲಲ್ಲಿ ಕೈ ಚಾಚಿ, ಇದ್ದೀಯಾ ಎಂದು ಕೇಳುವುದು ಅವರ ಅಭ್ಯಾಸ. ಜಾಹೀರಾತಿನ ಚಿತ್ರದಲ್ಲಿ ಕೋಣೆ ಇಷ್ಟು ವಿಶಾಲವಾಗಿದೆಯಲ್ಲ, ಅದರಲ್ಲಿ ಹಿಡಿ ತಿರುಗಿಸಿ ತಲೆಯ ಕಡೆ ಎತ್ತುವ ಅವರ ಕಬ್ಬಿಣದ ಮಂಚ, ಪಕ್ಕದಲ್ಲಿ ನನ್ನ ಮಂಚ, ನಡುವೆ ವೀಲ್‌ಚೇರ್ ಇಟ್ಟು ಒಂದು ಚಿತ್ರ ಮಾಡಿಕೊಡುತ್ತೀರಾ, ಅವರಿಗೆ ತೋರಿಸುತ್ತೇನೆ ಎಂದಳು. ಅವಳ ದನಿ ಬಹಳ ದಿನದಿಂದ ಸರಿಯಾಗಿ ನಿದ್ದೆ ಮಾಡದವರ ದನಿ. ಪ್ರತಿ ಮಾತಿನ ಕೊನೆ ಸ್ವಲ್ಪ ಕುಸಿಯುತ್ತಿತ್ತು.

ಸೋಫಾ ಅಕ್ಕ ಊಟದ ಡಬ್ಬಿ ಪಕ್ಕಕ್ಕಿಟ್ಟು ಮಾಡಿಕೊಟ್ಟಳು. ಮಂಚಗಳ ಉದ್ದ ಅಗಲ ಕೇಳಿ ಬರೆದುಕೊಂಡಳು, ಆಸ್ಪತ್ರೆಯ ಮಂಚದಂಥದ್ದೊಂದನ್ನು ಹುಡುಕಿ ಇಳಿಸಿಕೊಂಡಳು. ಎರಡು ಮಂಚದ ನಡುವೆ ವೀಲ್‌ಚೇರ್ ಆರಾಮಾಗಿ ನಿಂತಿತು, ತಿರುಗಿಸಲೂ ಜಾಗವಿತ್ತು, ಕಿಟಕಿಯ ಹತ್ತಿರದ ಒರಗುಕುರ್ಚಿಯೂ ಹಾಗೇ ಉಳಿಯಿತು. ಹೊದಿಕೆಗೆ ಯಾವ ಬಣ್ಣ ಎಂದು ಕೇಳಿದಾಗ ಆ ಕಡೆಯಿಂದ, ಅತ್ತೆಯದು ನೀಲಿ, ನಂದು ಯಾವುದಾದರೂ ಆಗುತ್ತೆ ಎಂದು ಉತ್ತರ ಬಂತು. ಮರುದಿನ ಸೊಸೆಯ ಸಂದೇಶ: ಅತ್ತೆ ಒಪ್ಪಿದರು. ಮೈದುನ ಚಿತ್ರವನ್ನು ಅಂಗಡಿಯಲ್ಲಿ ಮುದ್ರಿಸಿ ತಂದು ಗೋಡೆಗೆ ಅಂಟಿಸಿದ್ದಾನೆ. ಅತ್ತೆ ನೋಡಲು ಬಂದವರಿಗೆಲ್ಲ ಬೆರಳು ತೋರಿಸಿ, ಇದು ನಂದು, ಅದು ಇವಳದು ಎನ್ನುತ್ತಿದ್ದಾರೆ. ಹಳೆಯ ಮನೆಯ ಮಾಲೀಕರಿಗೆ ಬಿಡುತ್ತೇವೆ ಎಂದು ಹೇಳಿಯೂ ಆಯಿತು. ಸೋಫಾ ಅಕ್ಕನಿಗೆ ಆ ದಿನ ಕಣ್ಣುರಿ ಸ್ವಲ್ಪ ಕಡಿಮೆ ಎನ್ನಿಸಿತು.

ಅದೇ ಕಟ್ಟಡದಲ್ಲಿ, ಅದೇ ಮಹಡಿಯ ಎದುರು ಮನೆಯೂ ಖಾಲಿಯಾಗಿ ಅದರ ಫೋಟೋ ಬಂದಾಗ ಅವಳು ಎಂದಿನಂತೆ ತೆರೆದಳು. ಅದೇ ನೆಲ, ಅದೇ ಬೂದು ಟೈಲ್ಸ್. ಈ ಸಲ ಗಾಳಿಪಟ ಕೋಣೆಯ ಒಳಮೂಲೆಯಿಂದ ತೆಗೆದಿದ್ದರಿಂದ ಬಾಗಿಲು ಚಿತ್ರದೊಳಗಿತ್ತು. ಅವಳು ಟೈಲ್ಸ್ ಗುರುತು ಮಾಡಿ ಎರಡು ಎಂದು ಒತ್ತಿದಳು. ಒತ್ತಿದ ಮೇಲೆ ಬಾಗಿಲ ಬುಡ ನೋಡಿದಳು. ಬಾಗಿಲ ಅಗಲಕ್ಕೆ ಸರಿಯಾಗಿ ಎರಡು ಟೈಲ್ಸ್. ಎರಡೆರಡಲ ನಾಲ್ಕು. ಮಲಗುವ ಕೋಣೆಗೆ ನಾಲ್ಕಡಿ ಅಗಲದ ಒಂಟಿ ಬಾಗಿಲು? ಆನೆ ಸಾಕುವವರು ಇರುತ್ತಿದ್ದರೇನೋ ಎಂದು ಅವಳೇ ಒಳಗೊಳಗೆ ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು.

ಒಳಕೋಣೆಯ ಬಾಗಿಲು ಎಂದರೆ ಎರಡೂವರೆ ಅಡಿಯ ಮೇಲೆ ಒಂದೆರಡು ಇಂಚು. ಅಂದರೆ ಟೈಲ್ಸ್ ಎರಡಡಿಯದಲ್ಲ, ಹದಿನಾರು ಇಂಚಿನದು. ಹಳೆಯ ಕಟ್ಟಡ, ಹಳೆಯ ಅಳತೆ. ಅವಳು ಹಿಂದಿನ ಫೋಟೋ ತೆಗೆದು ಟೈಲ್ಸ್ ಎಣಿಸಿದಳು. ಹದಿನಾಲ್ಕಡಿ ಎಂದುಕೊಂಡಿದ್ದ ಕೋಣೆ ಒಂಬತ್ತು ಅಡಿ ಚಿಲ್ಲರೆ. ಹನ್ನೆರಡು ಎಂದುಕೊಂಡಿದ್ದದ್ದು ಎಂಟು. ಅವಳು ಕೋಣೆಯನ್ನು ಒಂದಿಂಚೂ ಹಿಗ್ಗಿಸಿರಲಿಲ್ಲ. ಗೋಡೆ ಮುಟ್ಟಿರಲಿಲ್ಲ. ಸಾಮಾನನ್ನೇ ಕುಗ್ಗಿಸಿಬಿಟ್ಟಿದ್ದಳು. ಆ ನೀಲಿ ಹೊದಿಕೆಯ ಮಂಚದಲ್ಲಿ ನಿಜವಾಗಿ ಮಲಗಬೇಕಾದರೆ ಅತ್ತೆ ಎಂಟು ವರ್ಷದ ಮಗುವಿನಷ್ಟಿರಬೇಕಿತ್ತು.

ಗಾಳಿಪಟನಿಗೆ ಫೋನು ಮಾಡಿ ಅಳತೆ ತೆಗೆದಿದ್ದೆಯಾ ಎಂದು ಕೇಳಿದಳು. ಅವನು ಬೈಕಿನ ಮೇಲಿಂದಲೇ, ಅಕ್ಕ, ಆ ಕೋಣೆಯಲ್ಲಿ ಒಳಗೆ ನಿಂತು ತೆಗೆಯೋಕೆ ಆಗದೆ ಹೊಸ್ತಿಲ ಆಚೆ ನಿಂತು ತೆಗೆದೆ, ಅಳತೆ ನಿಮ್ಮ ಕೆಲಸ ಅಂದುಕೊಂಡಿದ್ದೆ ಎಂದ. ಅವಳೂ ಅಳತೆ ಅವನ ಕೆಲಸ ಎಂದುಕೊಂಡಿದ್ದಳು. ಮಾಲೀಕರು ಕೊಟ್ಟದ್ದು ಇಡೀ ಮನೆಯ ಒಟ್ಟು ವಿಸ್ತೀರ್ಣ ಮಾತ್ರ. ಅದನ್ನು ಕೋಣೆಗಳಿಗೆ ಹಂಚಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಯಜಮಾನರಿಗೆ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ, ಸುಸ್ತಾದ ಮನುಷ್ಯರು. ಎರಡು ಫೋನು, ಎರಡು ಕಿವಿ ಸಾಲದಷ್ಟು ದೂರು. ಚಿತ್ರದ ಕೆಳಗೆ ಸಾಲು ಹಾಕಿದ್ದೀಯಲ್ಲ, ಖಾಲಿ ಫೋಟೋನೂ ಹಾಕಿದ್ದೀವಲ್ಲ, ಅವರ ಮನೆಯವನೇ ಬಂದು ನೋಡಿಕೊಂಡು ಹೋಗಿದ್ದಾನಲ್ಲ ಎಂದರು. ಹೊಸ ಮನೆಗೆ ಹೋದಾಗ ಯಾರ ಬೀರು ತಾನೇ ಸರಿಯಾಗಿ ಹಿಡಿಸುತ್ತದೆ, ಜನ ಹೇಗೋ ಹೊಂದಿಸಿಕೊಳ್ಳುತ್ತಾರೆ, ಸುಮ್ಮನಿರಮ್ಮ ಎಂದರು. ಅವಳು ಎದ್ದು ಚೀಲಕ್ಕೆ ಲ್ಯಾಪ್‌ಟಾಪ್ ಹಾಕಿಕೊಂಡಳು, ಕೀಲಿ ತೂಗುಹಾಕಿದ ಹಲಗೆಯಿಂದ ಆ ಮನೆಯ ಕೀಲಿ ತೆಗೆದುಕೊಂಡಳು. ಬಾಗಿಲ ತನಕ ಹೋದ ಮೇಲೆ ಯಜಮಾನರು ಹಿಂದಿನಿಂದ ಹೇಳಿದರು:

“ಹೋಗು. ಆದ್ರೆ ನಾನು ಕಳಿಸ್ದೆ ಅನ್ಬೇಡ.”

ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅಳತೆಪಟ್ಟಿ ಕೊಂಡಳು. ಇಷ್ಟು ವರ್ಷ ಊರಿನ ಮನೆಗಳಿಗೆಲ್ಲ ಸಾಮಾನು ಹಾಕಿದವಳ ಹತ್ತಿರ ಒಂದು ಅಳತೆಪಟ್ಟಿ ಇರಲಿಲ್ಲ. ಹೋಗಲಿ, ಅವಳು ಸಾಮಾನು ಹಾಕಿದ ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ಅವಳು ದಾಟಿರಲಿಲ್ಲ. ಬೀಗ ತೆಗೆದು ಒಳಗೆ ಹೋದಾಗ ಅವಳಿಗೆ ಒಂದು ಗಳಿಗೆ ತಪ್ಪು ಮನೆಗೆ ಬಂದೆನೇನೋ ಅನ್ನಿಸಿತು. ಕೋಣೆ ಅಷ್ಟು ಕಿರಿದು. ಬಿಸಿಲು ಕಿಟಕಿಯಿಂದ ಬಂದು ಎದುರು ಗೋಡೆಗೆ ತಕ್ಷಣ ಡಿಕ್ಕಿ ಹೊಡೆಯುತ್ತಿತ್ತು. ಅವಳು ಮೊಣಕಾಲೂರಿ ಪಟ್ಟಿ ಎಳೆದಳು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೇಪರ್ ಹಾಳೆಗಳನ್ನು ಮಂಚದ ಅಳತೆಗೆ ಹಾಸಿದಳು. ಎರಡು ಮಂಚ, ನಡುವೆ ವೀಲ್‌ಚೇರ್ ಜಾಗ. ಗೋಡೆಗೆ ಮಂಚದ ತಲೆ ಒತ್ತಿ ಹಿಡಿದರೂ ಬಾಗಿಲು ಪೇಪರಿನ ಮೇಲೆ ಬಂದು ನಿಲ್ಲುತ್ತಿತ್ತು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅರ್ಧ ತೆರೆದ ಬಾಗಿಲಲ್ಲಿ ವೀಲ್‌ಚೇರ್ ಹೋಗುವುದಿಲ್ಲ. ಆ ಕಡೆ ಈ ಕಡೆ ಹಾಳೆ ಎಳೆದಳು, ಉದ್ದುದ್ದ ತಿರುಗಿಸಿದಳು. ಕಂಪ್ಯೂಟರಿನಲ್ಲಾದರೆ ಗೋಡೆಗೆ ಸಿಕ್ಕಿಕೊಂಡ ಮಂಚವನ್ನು ಒಂದು ಬೆರಳಿನಲ್ಲಿ ಹಿಂದಕ್ಕೆ ಎಳೆಯಬಹುದು. ಇಲ್ಲಿ ಗೋಡೆ ಗೋಡೆಯೇ. ಹೊರಗಿನ ಹಾಲ್ ಕೂಡ ಅಳೆದು, ಬಚ್ಚಲಮನೆಯ ಬಾಗಿಲು ಅಲ್ಲಿಗೇ ತೆರೆಯುತ್ತದೆ ಎಂದು ನೋಡಿಕೊಂಡು, ಸೀರೆಗೆ ಹತ್ತಿದ ಧೂಳು ಕೊಡವಿ ಹೊರಟಳು.

ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೊರಟು ಎರಡು ಸಲ ಫೋನನ್ನು ಚೀಲಕ್ಕೇ ಹಾಕಿದಳು. ಕೊನೆಗೆ ಬಸ್ಸು ಹತ್ತಿ ಅವರ ಮನೆಗೇ ಹೋದಳು. ಮೂರು ಮಹಡಿ ಹತ್ತುವಷ್ಟರಲ್ಲಿ ಲಿಫ್ಟಿಲ್ಲದ ಮನೆ ಎಂದರೆ ಏನು ಎಂದು ಅವಳ ಮೊಣಕಾಲೇ ವಿವರಿಸಿತು.

ಬಾಗಿಲು ತೆಗೆದ ಸೊಸೆ ತನ್ನ ದನಿಗೆ ತಕ್ಕ ಹಾಗೇ ಇದ್ದಳು. ತೆಳ್ಳಗೆ, ಕೂದಲು ಅರ್ಧ ಕಟ್ಟಿ ಮರೆತವಳಂತೆ. ಮನೆ ಅರ್ಧ ಗಂಟುಮೂಟೆಯಾಗಿತ್ತು. ಪಾತ್ರೆ ರಟ್ಟಿನ ಡಬ್ಬದಲ್ಲಿ, ಬಟ್ಟೆ ಹಳೆಯ ಸೀರೆಯ ಗಂಟುಗಳಲ್ಲಿ. ಒಳಗಿನ ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಬೆನ್ನೆತ್ತಿ ಒರಗಿದ್ದ ಅತ್ತೆ, ಸಣ್ಣ ಮುಖ, ದೊಡ್ಡ ಕನ್ನಡಕ. ಅವರ ಎದುರಿನ ಗೋಡೆಯ ಮೇಲೆ ಸೋಫಾ ಅಕ್ಕನ ಚಿತ್ರ. ಕಾಗದದ ಮೇಲೆ ಅದು ಇನ್ನೂ ಚೆಂದ ಕಾಣುತ್ತಿತ್ತು. ಆಫೀಸಿನಿಂದ ಬಂದವಳು, ಇದನ್ನು ಮಾಡಿದವಳು ಎಂದು ಸೊಸೆ ಪರಿಚಯಿಸಿದ್ದೇ ತಡ, ಅತ್ತೆ ಹತ್ತಿರ ಕರೆದು ಕೈ ಹಿಡಿದುಕೊಂಡರು. ಕಿಟಕಿಯ ಹತ್ತಿರ ಯಾರ ಮಂಚ ಎಂದು ಸೊಸೆಯ ಜೊತೆ ಜಗಳವಾಗಿ ತಾನೇ ಗೆದ್ದದ್ದನ್ನು ಹೇಳಿದರು. ಆ ಒರಗುಕುರ್ಚಿಯನ್ನು ನೀವೇ ಕೊಡ್ತೀರಾ, ಇಲ್ಲಾ ಅದೂ ಬರೀ ನೋಡೋಕಾ ಎಂದು ಕೇಳಿದರು. ಟೀ ಬಂತು. ಕುಡಿಯುವ ತನಕ ಹೇಳಬಾರದು ಎಂದುಕೊಂಡಳು, ಆದರೆ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟಳು.

“ಅಮ್ಮಾ, ನಾನು ಅಳತೆ ತಪ್ಪು ಹಾಕ್ಬಿಟ್ಟೆ. ಕೋಣೆ ಅಷ್ಟು ದೊಡ್ಡದಿಲ್ಲ. ಈ ಥರ ಎರಡು ಮಂಚ ಇಟ್ರೆ ಬಾಗಿಲು ತೆಗೆಯೋಕೆ ಆಗಲ್ಲ.”

ಅವಳು ಟೈಲ್ಸ್ ಕಥೆ ಪೂರ್ತಿ ಹೇಳಿದಳು, ಬಾಗಿಲು ನೋಡಿ ಗೊತ್ತಾದದ್ದು, ಈಗ ಹೋಗಿ ಅಳೆದು ಬಂದದ್ದು. ಬೈಯುತ್ತಾರೆ ಎಂದು ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಸೊಸೆ ಒಂದು ಬಟ್ಟೆಗಂಟಿನ ಮೇಲೆ ಮೆಲ್ಲಗೆ ಕೂತಳು. ಈ ಮನೆಗೆ ಬೇರೆಯವರು ಬರುವುದು ನಿಶ್ಚಯವಾಗಿದೆ, ಅವರು ನಿನ್ನೆ ಬಂದು ಗೋಡೆಗೆ ಯಾವ ಬಣ್ಣ ಎಂದೂ ಮಾತಾಡಿಕೊಂಡು ಹೋದರು ಎಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಲೂ ಸ್ವಲ್ಪ ಶಕ್ತಿ ಬೇಕಾಗುತ್ತದೆ.

ಅತ್ತೆ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಗೋಡೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದರು. “ನೀನು ಹಾಸಿಗೇನೇ ಗಿಡ್ಡ ಮಾಡ್ಬಿಟ್ಯಲ್ಲ ತಾಯಿ.”

ಸೊಸೆ ನಕ್ಕಳು, ಗಂಟಿನ ಮೇಲೆ ಕೂತೇ, ಕಣ್ಣು ಮುಚ್ಚಿಕೊಂಡು. ಆಮೇಲೆ, ಸರಿ, ಈಗ ಏನು ಮಾಡೋದು ಹೇಳಿ ಎಂದಳು.

ಲ್ಯಾಪ್‌ಟಾಪನ್ನು ಮಂಚದ ಮೇಲೆಯೇ ತೆರೆದರು. ಪಟ್ಟಿ ಹಿಡಿದು ಎರಡೂ ಮಂಚ ಅಳೆದರು, ವೀಲ್‌ಚೇರ್ ಅಳೆದರು. ಈ ಸಲ ಸೋಫಾ ಅಕ್ಕ ಟೈಲ್ಸ್ ಗುರುತು ಮಾಡಿ ಹದಿನಾರು ಇಂಚು ಎಂದು ಒತ್ತಿದಳು. ತೆರೆಯ ಮೇಲೆ ಎರಡು ಮಂಚ ಒಮ್ಮೆಲೇ ಉಬ್ಬಿ ಕೋಣೆಯನ್ನು ತುಂಬಿಕೊಂಡವು, ಒರಗುಕುರ್ಚಿ ಕಿಟಕಿಗೆ ಸಿಕ್ಕಿಕೊಂಡಿತು. ಅತ್ತೆಯ ಬಾಯಿಂದ ಅಯ್ಯೋ ಎಂಬ ಸಣ್ಣ ಸದ್ದು ಬಂತು. ಬಾಗಿಲು ಚಿತ್ರದಲ್ಲಿ ಇಲ್ಲವಾದ್ದರಿಂದ ಅದು ತೆರೆದುಕೊಳ್ಳುವ ಜಾಗಕ್ಕೆ ನೆಲದ ಮೇಲೆ ಒಂದು ಕೆಂಪು ಚೌಕ ಎಳೆದಳು. ಆ ಕೆಂಪಿನ ಮೇಲೆ ಏನೂ ಬರಬಾರದು. ಕುರ್ಚಿ ಹೋಯಿತು, ಮೇಜು ಹೋಯಿತು. ಹೂದಾನಿ ತೆಗೆಯುವಾಗ ಅತ್ತೆ, ಅದು ಎಲ್ಲಿತ್ತು ನಾನು ನೋಡಿರಲೇ ಇಲ್ಲ ಎಂದರು.

ಕೊನೆಗೆ ಒಂದೇ ದಾರಿ ಉಳಿಯಿತು. ಮಂಚಗಳ ನಡುವಿನ ಜಾಗವನ್ನೇ ತೆಗೆದುಬಿಡುವುದು. ಎರಡನ್ನೂ ಒಂದಕ್ಕೊಂದು ಒತ್ತಿ ಕಿಟಕಿಯ ಗೋಡೆಗೆ ಸೇರಿಸಿದರೆ ಬಾಗಿಲ ಕಡೆ ಮೂರಡಿ ಚಿಲ್ಲರೆ ಉಳಿಯುತ್ತಿತ್ತು. ಬಾಗಿಲು ಪೂರ್ತಿ ತೆರೆಯುತ್ತದೆ, ವೀಲ್‌ಚೇರ್ ನೇರ ಒಳಗೆ ಬಂದು ಮಂಚದ ಪಕ್ಕ ನಿಲ್ಲುತ್ತದೆ. ಆದರೆ ಹಾಗೆ ಮಾಡಿದರೆ ಅತ್ತೆ ಹೊರಗಿನ ಮಂಚದಲ್ಲಿ, ಸೊಸೆ ಗೋಡೆಯ ಕಡೆ. ಕಿಟಕಿ ಅವಳ ಪಾಲಾಯಿತು. ಅತ್ತೆಗೆ ಕೈ ಚಾಚುವ ಅಗತ್ಯವೂ ಇರುವುದಿಲ್ಲ, ಸೊಸೆಯ ತೋಳು ಪಕ್ಕದಲ್ಲೇ ಇರುತ್ತದೆ. ಸೊಸೆ ಸುಮ್ಮನೆ ನೋಡಿ, ಇದೇ ಇರಲಿ, ಹೀಗೇ ಮಾಡೋಣ ಎಂದಳು. ಅವಳು ಮತ್ತೆ ಹೋಗಿ ಗಂಟಿಗೆ ಒರಗಿ ನೆಲದ ಮೇಲೆ ಕೂತಳು.

ಸೋಫಾ ಅಕ್ಕ ಮಂಚದ ಕಾಲುಗಳ ಕೆಳಗೆ ನೆರಳು ಹಾಕುತ್ತಿದ್ದಳು. ಅತ್ತೆ ತೆರೆಯ ಹತ್ತಿರ ಮೂಗು ತಂದಿದ್ದರು.

“ಇವಳು ಇಳಿಯೋದು ಎಲ್ಲಿಂದ?”

ಸೋಫಾ ಅಕ್ಕ ಬೆರಳಿಟ್ಟು ತೋರಿಸಿದಳು. ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀವು. ಕಾಲಿನ ಕಡೆ ಒಂದೂವರೆ ಅಡಿ ಇದೆ, ಅಲ್ಲಿಂದ ತೆವಳಿಕೊಂಡು ಇಳಿದು, ಅಡ್ಡಡ್ಡ ನಡೆದು, ನಿಮ್ಮ ಪಕ್ಕಕ್ಕೆ ಬರಬೇಕು ಎಂದಳು.

“ನಾನು ಕರೆದಾಗಲೆಲ್ಲ?”

“ಹೌದಮ್ಮ.”

ಅತ್ತೆ ಸೊಸೆಯ ಕಡೆ ತಿರುಗಿದರು, ಏನೋ ಕೇಳಲು. ಸೊಸೆ ಬಟ್ಟೆಗಂಟಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಟೀ ಲೋಟ ಮಡಿಲಲ್ಲಿ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಹಗಲು ಬೆಳಕಿನಲ್ಲಿ, ಹೊರಗಿನವಳೊಬ್ಬಳು ಮನೆಯಲ್ಲಿರುವಾಗ, ಮಾತಿನ ನಡುವೆ ಹಾಗೆ ನಿದ್ದೆ ಹೋಗಬೇಕಾದರೆ ಎಷ್ಟು ರಾತ್ರಿಗಳ ಬಾಕಿ ಇರಬೇಕು. ಸೋಫಾ ಅಕ್ಕ ಏಳಲು ಹೊರಟಳು, ಲೋಟ ತೆಗೆಯೋಣ ಎಂದು. ಅತ್ತೆ ಅವಳ ಮುಂಗೈ ಹಿಡಿದು, ಸದ್ದು ಮಾಡಬೇಡ ಎಂದು ಕಣ್ಣಲ್ಲೇ ಹೇಳಿದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಆ ನಿದ್ದೆಯನ್ನೇ ನೋಡುತ್ತಾ ಕೂತರು.

ಅತ್ತೆ ಪಿಸುದನಿಯಲ್ಲಿ ಹೊರಗಿನ ಹಾಲ್ ಎಷ್ಟು ದೊಡ್ಡದು ಎಂದು ಕೇಳಿದರು. ಅಳೆದದ್ದು ಒಳ್ಳೆಯದಾಯಿತು. ಸೋಫಾ ಅಕ್ಕ ಎರಡು ಮಂಚದ ಚಿತ್ರವನ್ನು ಹಾಗೇ ಉಳಿಸಿಟ್ಟು, ಹಾಲ್‌ನ ಫೋಟೋ ತೆರೆದು, ಅದಕ್ಕೂ ಹದಿನಾರು ಇಂಚು ಒತ್ತಿ, ಕಬ್ಬಿಣದ ಮಂಚವನ್ನು ಕೋಣೆಯಿಂದ ಎತ್ತಿ ಅಲ್ಲಿಗೆ ತಂದಳು. ಕೋಣೆಯ ಬಾಗಿಲಿಗೆ ಎದುರಾದ ಗೋಡೆಗೆ ಒತ್ತಿ ಇಟ್ಟಾಗ ಅದು ಯಾರ ದಾರಿಗೂ ಅಡ್ಡ ಬರಲಿಲ್ಲ. ವೀಲ್‌ಚೇರ್ ಪಕ್ಕದಲ್ಲಿ ನಿಂತಿತು, ಬಚ್ಚಲಮನೆಗೆ ನಾಲ್ಕು ಹೆಜ್ಜೆ. ನೋಡಿದರೆ ಕೋಣೆಗಿಂತ ಇದೇ ಅನುಕೂಲ. ಆದರೆ ಈ ಮುದುಕಿ ಊರಿಗೆಲ್ಲ ತೋರಿಸಿದ್ದು ಇದನ್ನಲ್ಲ.

“ಇಲ್ಲಿಂದ ಅವಳ ಮುಖ ಕಾಣ್ಸುತ್ತಾ?” ಅತ್ತೆ ಕೇಳಿದರು.

ಇಂಥ ಹೊತ್ತಿನಲ್ಲಿ ಹೌದು ಎನ್ನುವುದು ಸುಲಭ. ಸೋಫಾ ಅಕ್ಕ ಆ ಹಾಲ್‌ನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದನ್ನು ನೆನಪು ಮಾಡಿಕೊಂಡಳು, ಬಾಗಿಲ ಮೂಲಕ ಎಷ್ಟು ಟೈಲ್ಸ್ ಕಾಣುತ್ತಿತ್ತು ಎಂದು ಮನಸ್ಸಿನಲ್ಲೇ ಎಣಿಸಿದಳು.

“ಮುಖ ಕಾಣಲ್ಲ ಅಮ್ಮ. ಬಾಗಿಲು ತೆರೆದಿದ್ರೆ ಕಾಲು ಕಾಣುತ್ತೆ.”

ಅತ್ತೆ ಯೋಚಿಸಿದರು. ಅವರ ಬೆರಳು ಹೊದಿಕೆಯ ಅಂಚನ್ನು ಮಡಿಸಿತು, ಬಿಡಿಸಿತು.

“ಕಾಲು ಸಾಕು. ಅಲ್ಲಾಡಿದ್ರೆ ಎಚ್ಚರ ಇದ್ದಾಳೆ ಅಂತ ಗೊತ್ತಾಗುತ್ತೆ. ಆಗ ಕರೀತೀನಿ.”

ಕೋಣೆಯ ಚಿತ್ರವನ್ನು ಮತ್ತೆ ತೆರೆಸಿದರು. ಅದರಲ್ಲಿ ಈಗ ಒಂದೇ ಮಂಚ. ಅದನ್ನು ಗೋಡೆಯಿಂದ ಈಚೆ ತರಲು ಹೇಳಿದರು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಎರಡೂ ಕಡೆಯಿಂದ ಇಳಿಯುವ ಹಾಗಾಗಬೇಕು ಎಂದರು. ಹೊದಿಕೆಗೆ ಯಾವ ಬಣ್ಣ ಹಾಕಲಿ ಎಂದು ಸೋಫಾ ಅಕ್ಕ ಕೇಳಿದಳು. ಇಷ್ಟು ವರ್ಷ ಜೊತೆಗಿದ್ದೀನಿ, ಇವಳಿಗೆ ಯಾವ ಬಣ್ಣ ಇಷ್ಟ ಅಂತ ಒಂದಿನ ಕೇಳಿಲ್ಲ ನೋಡು ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಬಣ್ಣ ಖಾಲಿ ಬಿಡು, ಎದ್ದ ಮೇಲೆ ಅವಳೇ ಹೇಳಲಿ ಎಂದರು.

“ನೀನೇ ತೋರಿಸ್ಬೇಕು. ನಾನು ಹೇಳಿದ್ರೆ ಬೇಡ ಅಂತಾಳೆ. ಅಳತೆ ಇಷ್ಟೇ, ಬೇರೆ ದಾರಿ ಇಲ್ಲ ಅಂತ ಹೇಳು.”

“ಬೇರೆ ದಾರಿ ಇದೆಯಲ್ಲಮ್ಮ. ಆಗ ನೋಡಿದ್ವಲ್ಲ.”

“ಅದನ್ನ ಅಳಿಸು,” ಎಂದರು ಅತ್ತೆ.

ಎರಡು ಮಂಚ ಅಂಟಿಕೊಂಡಿದ್ದ ಆ ಚಿತ್ರದ ಮೇಲೆ ಸೋಫಾ ಅಕ್ಕನ ಬೆರಳು ನಿಂತಿತ್ತು. ಅಳತೆಯೇನೋ ಸರಿಯಾಗಿದ್ದ ಚಿತ್ರ, ನೆರಳು ಕೂಡ ಚೆನ್ನಾಗಿ ಬಂದಿತ್ತು. ಅಳಿಸಲಿಲ್ಲ. ಎರಡರಲ್ಲಿ ಯಾವುದು ಬೇಕೆಂದು ಆರಿಸುವುದು ಇನ್ನೊಬ್ಬಳಿಗೂ ಸೇರಿದ್ದು ಎಂದು ಅವಳಿಗೆ ಅನ್ನಿಸಿತು. ಅಳಿಸಲ್ಲಮ್ಮ, ಎರಡನ್ನೂ ತೋರಿಸ್ತೀನಿ ಎಂದಳು. ಅತ್ತೆ ಅವಳನ್ನು ಕನ್ನಡಕದ ಮೇಲಿಂದ ನೋಡಿ, ಹಟಮಾರಿ ಎಂದರು, ಆದರೆ ಅದರಲ್ಲಿ ಕಾರವಿರಲಿಲ್ಲ.

ಆಫೀಸಿನಿಂದ ಫೋನು ಬಡಿದುಕೊಂಡಿತು, ಎದುರು ಮನೆಯ ಚಿತ್ರ ಎಲ್ಲಿ ಎಂದು ಯಜಮಾನರು. ಅವಳು ಫೋನಿನ ಬಾಯಿ ಮುಚ್ಚಿ ಚೀಲದ ತಳಕ್ಕೆ ತಳ್ಳಿದಳು. ಅವಳಿಗೂ ಸುಸ್ತಾಗಿತ್ತು, ಮನೆಗೆ ಎರಡು ಬಸ್ಸು ಬದಲಿಸಬೇಕಿತ್ತು. ಸೊಸೆಯ ಮಡಿಲಿನಿಂದ ಲೋಟವನ್ನು ಮೆಲ್ಲಗೆ ಎತ್ತಿಟ್ಟು, ಅವಳ ಪಕ್ಕದ ಇನ್ನೊಂದು ಗಂಟಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಸೊಸೆ ನಿದ್ದೆಯಲ್ಲೇ ಒಮ್ಮೆ ಕಾಲು ಅಲ್ಲಾಡಿಸಿದಳು. ಮಂಚದ ಮೇಲಿಂದ ಅತ್ತೆ ಅದನ್ನು ನೋಡಿದರು. ಕರೆಯಲಿಲ್ಲ.